ಕ್ಯಾಬ್ ಬಿಲ್ಲಿನ ಸ್ಕ್ರೀನ್‌ಶಾಟ್: ಸರ್ಜ್ ಸಾಲನ್ನು ಹಿಂದಿನಿಂದ ಬಿಡಿಸಿದಾಗ

ಬಿಲ್ಲಿನ ಸಾಲುಗಳನ್ನು ಕೂಡಿ, ಮೊತ್ತ ಸರಿಬಂತೆಂದು ಪಾಸು ಮಾಡುವುದರಲ್ಲಿ ಅರ್ಥವಿಲ್ಲ. ತಪ್ಪು ದರ ಹಾಕಿದ ಬಿಲ್ಲೂ ಸರಿಯಾಗಿಯೇ ಕೂಡುತ್ತದೆ. ಮ್ಯಾಪಿನ ಕಿಲೋಮೀಟರಿಗೆ ತಾಳೆ ಹಾಕುವುದೂ ಮುಂಬಯಿ ಟ್ರಾಫಿಕ್ಕಿನಲ್ಲಿ ಕೈಕೊಟ್ಟಿತು. ನನಗೆ ಫಲ ಕೊಟ್ಟದ್ದು ಸರ್ಜ್ ಸಾಲು, ಅಂದರೆ ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಬಾಡಿಗೆಯ ಮೇಲೆ ಬೀಳುವ ಹೆಚ್ಚುವರಿ. "ಐದು ರೂಪಾಯಿ ರೌಂಡಿಂಗಿನಲ್ಲಿ ಹೋಗಿರ್ತದೆ, ಬಿಡಿ ಮಾರಾಯ್ರೇ" ಎಂದಿದ್ದ ಅಕೌಂಟ್ಸಿನವರೇ ಈಗ ನನ್ನ ಶೀಟ್ ಕೇಳಿ ಪಡೆಯುತ್ತಾರೆ.

ಅಂಧೇರಿಯಿಂದ ಸೀ ಲಿಂಕ್ ಮೇಲೆ ವರ್ಲಿಗೆ ಹೋದ ಒಂದು ಬಿಲ್ ನೋಡಿ. ಬೇಸ್ 60, ದೂರ 14.6 ಕಿಮೀಗೆ 14ರಂತೆ 204.40. ಕಾದದ್ದು 11 ನಿಮಿಷ. ಮೊದಲ 3 ಬಿಟ್ಟಿ, ಉಳಿದ 8ಕ್ಕೆ 2ರಂತೆ 16. ಸರ್ಜ್ 1.3x, ಅದರ ಸಾಲಿನಲ್ಲಿ 84.12. ಜಿಎಸ್‌ಟಿ 18.23, ಟೋಲ್ 100, ರೌಂಡ್ ಮಾಡಿ ಒಟ್ಟು 483.

1.3x ಎಂದರೆ ಮೇಲೆ ಬಿದ್ದದ್ದು 0.3 ಪಾಲು. 84.12 ÷ 0.3 = 280.40. ಬೇಸ್ ಮತ್ತು ದೂರ ಸೇರಿದರೆ ಬರೀ 264.40; ಹೆಚ್ಚಿನ 16 ವೇಟಿಂಗಿನದೇ. ಆ ದಿನದ ರೇಟ್ ಕಾರ್ಡಿನಲ್ಲಿ ವೇಟಿಂಗಿಗೆ ಸರ್ಜ್ ಇಲ್ಲ ಎಂದಿತ್ತು. ಹಾಗಿದ್ದರೆ ಸರ್ಜ್ 79.32 ಆಗಬೇಕು. ತೆರಿಗೆಯೂ ಸೇರಿ ಐದು ರೂಪಾಯಿ ಚಿಲ್ಲರೆ ಹೆಚ್ಚು. ಒಂದು ಟ್ರಿಪ್ಪಿಗೆ ಇದು ಜುಜುಬಿ, ಆದರೆ ಆಫೀಸಿನವರೆಲ್ಲರ ಬಿಲ್ ಸೇರಿ ತಿಂಗಳಿಗೆ ನಾಲ್ಕೈದು ನೂರು ವಾಪಸು ಬಂತು.

ಇಲ್ಲೊಂದು ತೊಡಕಿದೆ. ಪರದೆಯ 1.3 ಒಳಗೆ 1.32 ಇರಬಹುದು, ಆಗ ವೇಟಿಂಗ್ ಬಿಟ್ಟರೂ 84.61 ಬಂದು ಹತ್ತಿರ ಹತ್ತಿರ ಹೊಂದುತ್ತದೆ. ಆದ್ದರಿಂದ ಪೈಸೆವರೆಗೆ ಕೂತರೆ ಮಾತ್ರ ನಂಬಿ, ಸಾಧ್ಯವಾದರೆ ವೇಟಿಂಗ್ ಜಾಸ್ತಿಯಿರುವ ಇನ್ನೊಂದು ಬಿಲ್ ಹಿಡಿದು ನೋಡಿ. ದೂರದ್ದೂ ಹಾಗೆಯೇ: 14.6 ಎಂದರೆ 14.55ರಿಂದ 14.65, ಅಂದರೆ 70 ಪೈಸೆ ಆಚೀಚೆ. ಅಷ್ಟಕ್ಕೆ ಜಗಳ ಬೇಡ.

ಯಾರಾದರೂ ಸ್ಕ್ರೀನ್‌ಶಾಟನ್ನೇ ತಿದ್ದಿದ್ದಾರೋ ಎಂಬುದಕ್ಕೆ ಜಿಎಸ್‌ಟಿ ಸಾಲು ಸಾಕು. ದರ ಶೇ. 5, ಹಾಗಾಗಿ 20ರಿಂದ ಗುಣಿಸಿ: 364.60. ಟೋಲ್ ಬಿಟ್ಟ ಬಾಡಿಗೆ 364.52. ಹತ್ತು ಪೈಸೆಯೊಳಗಿನ ವ್ಯತ್ಯಾಸ ರೌಂಡಿಂಗಿನದು. ಒಟ್ಟನ್ನು 583 ಮಾಡಿದವರು ತೆರಿಗೆ ತಿದ್ದಲು ಮರೆಯುತ್ತಾರೆ. ಟೋಲನ್ನೂ ನೋಡಿ: 2024ರ ಅಕ್ಟೋಬರಿನಿಂದ ವಾಶಿ, ದಹಿಸರ್ ನಾಕಾಗಳಲ್ಲಿ ಕಾರಿಗೆ ಟೋಲ್ ಇಲ್ಲ, ಆಮೇಲಿನ ಬಿಲ್ಲಿನಲ್ಲಿ ಅದು ಕಂಡರೆ ಪಾಸು ಮಾಡಬೇಡಿ.

ವೇಟಿಂಗ್ ಗಡಿಯಾರ ಯಾವಾಗ ಶುರುವಾಯಿತೆಂದು ಹಿಡಿಯುವ ಉಪಾಯವೂ ಒಂದಿದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಪುಣೆಯ ಮೀಟರ್ ರಿಕ್ಷಾಗಳ ಮೇಲೂ ಸರ್ಜ್ ಬಿಡಿಸುವ ಈ ಲೆಕ್ಕವನ್ನು ಪ್ರಯೋಗಿಸಿ ನೋಡಿದೆ. ಸರ್ಜ್ ಸಾಲೇ ಇಲ್ಲದಲ್ಲಿ ಬಿಡಿಸುವುದೇನನ್ನು? ಬುಕಿಂಗ್ ಹೊತ್ತಿನಲ್ಲೇ ಮೊತ್ತ ನಿಗದಿಯಾಗುವ ಟ್ರಿಪ್ಪುಗಳಿಗೂ ಇದು ನಡೆಯದು. ಉಳಿದವಕ್ಕೆ ಬಿಲ್ಲಿನ ಜೊತೆ ಅದೇ ದಿನದ ರೇಟ್ ಕಾರ್ಡಿನ ಸ್ಕ್ರೀನ್‌ಶಾಟನ್ನೂ ಕೇಳಿ ಇಟ್ಟುಕೊಳ್ಳಿ, ದರ ಬದಲಾದ ಮೇಲೆ ಹಳೆಯದು ಸಿಗುವುದಿಲ್ಲ.