ಎಡಕ್ಕೆ ಸೂಜಿ ಸಾಕಾಯ್ತು, ಬಲಕ್ಕೆ ಸಾಕಾಗಲಿಲ್ಲ: ನನ್ನ ಟರ್ಬಿನೇಟ್ ಅನುಭವ

‘ಮೂಗಿನ ದುರ್ಮಾಂಸ ಎಷ್ಟು ತೆಗೆಸಿದರೂ ಮತ್ತೆ ಬೆಳೆಯುತ್ತೆ, ದುಡ್ಡು ದಂಡ’ ಅಂತ ಚಿಕ್ಕಮಗಳೂರಿನಲ್ಲಿ ನನಗೆ ಹೇಳದವರಿಲ್ಲ. ನನ್ನ ವಿಷಯದಲ್ಲಿ ಈ ದುರ್ಮಾಂಸ ಅಂದರೆ ಟರ್ಬಿನೇಟ್, ಮೂಗಿನ ಹೊರಗೋಡೆಯ ಒಳಗಡೆ ಎಲ್ಲರಿಗೂ ಇರುವ, ಮೂಳೆಯ ಮೇಲೆ ಮೆತ್ತನೆ ಮಾಂಸ ಹೊದ್ದ ದಿಂಡು. ನನ್ನದು ದಪ್ಪಗಾಗಿ ದಾರಿ ಮುಚ್ಚಿತ್ತು. ನಮ್ಮ ಭಾವ ಹಿಂದೆ ಲೇಸರ್ ಮಾಡಿಸಿದ್ದರು. ಎರಡು ವರ್ಷ ಕಳೆಯುವುದರೊಳಗೆ ಅವರ ಮೂಗು ಮತ್ತೆ ಕಟ್ಟಿತ್ತು. ಹಾಗಾಗಿ ಅವರ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. ನನ್ನ ಮೂಗು ಎರಡೂ ಕಡೆ ತೆರೆದು ಈಗ ಮೂರು ವರ್ಷದ ಮೇಲಾಯಿತು. ಮಲೆನಾಡಿನ ಮಳೆಗಾಲಗಳನ್ನೂ ಕಾಫಿ ಸಿಪ್ಪೆ ಬಿಡಿಸುವ ಹಲ್ಲಿಂಗ್ ಸೀಸನ್‌ಗಳನ್ನೂ ದಾಟಿದೆ. ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ನನ್ನದು ಕಾಫಿ ಹಲ್ಲಿಂಗ್ ಕೆಲಸ. ಚೆರಿ, ಅಂದರೆ ಒಣಗಿದ ಕಾಫಿ ಹಣ್ಣು, ಹಾಕಿದ ದಿನ ಸಿಪ್ಪೆ ಧೂಳು, ಜುಲೈ ಬಂದರೆ ಗೋಡೆ ತುಂಬಾ ಬೂಷ್ಟು. ಅಲರ್ಜಿ ಇರುವವನಿಗೆ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೇನೋ ಆ ಕಡೆಯ ಮೂಗು ಬಂದ್. ಇದು ನಿಮಗೆಲ್ಲ ಗೊತ್ತಿರುವುದೇ, ಅಲ್ವಾ?

ಮೊದಲು ಔಷಧಿಯ ಲೆಕ್ಕ ಹೇಳುತ್ತೇನೆ. ಸ್ಟೀರಾಯ್ಡ್ ಸ್ಪ್ರೇ ದಿನಕ್ಕೊಮ್ಮೆ, ಒಂದೊಂದು ಹೊಳ್ಳೆಗೆ ಎರಡು ಸಲ. ಬಾಟಲಿಯಲ್ಲಿ 120 ಡೋಸ್ ಇರುತ್ತೆ, ಅಂದರೆ ಸರಿಯಾಗಿ ಒಂದು ತಿಂಗಳು. ನನಗೆ ಬಾಟಲಿಗೆ 350ರಿಂದ 400 ರೂಪಾಯಿ ಬೀಳುತ್ತಿತ್ತು. ಮೂರು ದಿನ ಹೊಡೆದು ‘ಕೆಲಸ ಮಾಡಲ್ಲ’ ಅಂತ ಬಿಸಾಡುವವರೇ ಹೆಚ್ಚು. ಅದು ಪೂರ್ತಿ ಕೆಲಸ ತೋರಿಸಲು ವಾರಗಳೇ ಬೇಕು. ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ ಹಿಡಿಯಬೇಕು. ಆಗ ಸ್ಪ್ರೇ ತಾನಾಗಿ ಕಿವಿಯ ಕಡೆಗೆ ತಿರುಗುತ್ತೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತೆ, ಔಷಧಿಯೂ ವ್ಯರ್ಥ.

ಹೀಗೆ ಎರಡು ತಿಂಗಳು ಶಿಸ್ತಾಗಿ ಹೊಡೆದೆ. ಸೀನು ನಿಂತಿತು, ನೀರು ಸುರಿಯುವುದು ನಿಂತಿತು, ತುರಿಕೆ ಹೋಯಿತು. ಎಡಗಡೆ ಅರ್ಧ ತೆರೆಯಿತು. ಬಲಗಡೆ ಮಾತ್ರ ಹಾಗೇ ಇತ್ತು. ಅಲರ್ಜಿ ಮಾತ್ರೆಯಿಂದಲೂ ಸೀನಿಗೆ ಗುಣ, ಕಟ್ಟಿದ್ದಕ್ಕೆ ಏನೂ ಇಲ್ಲ. ಇನ್ನು ಕ್ಸೈಲೋಮೆಟಾಜೋಲಿನ್ ಡ್ರಾಪ್ಸ್. ಹತ್ತು ನಿಮಿಷದಲ್ಲಿ ಸ್ವರ್ಗ. ಆದರೆ ಐದಾರು ದಿನ ದಾಟಿದರೆ ಅದರ ಗುಣ ಇಳಿದ ಕೂಡಲೇ ಮೊದಲಿಗಿಂತ ಜೋರಾಗಿ ಕಟ್ಟುತ್ತೆ. ನಮ್ಮ ಹಲ್ಲಿಂಗ್ ಯೂನಿಟ್‌ನಲ್ಲೇ ಒಬ್ಬರು ವರ್ಷಗಟ್ಟಲೆ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಅವರ ಮೂಗು ಈಗ ಅದಿಲ್ಲದೆ ತೆರೆಯುವುದೇ ಇಲ್ಲ.

ಇಲ್ಲೊಂದು ಅಡ್ಡ ಪ್ರಯೋಗ. ಸ್ಟೀಲ್ ತಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಮೂಗಿನ ಕೆಳಗೆ ಅಡ್ಡ ಹಿಡಿದು ಉಸಿರು ಬಿಟ್ಟೆ. ಎರಡು ಹೊಳ್ಳೆಗೂ ಬೇರೆ ಬೇರೆ ಮಂಜಿನ ಕಲೆ ಮೂಡುತ್ತೆ, ಗಾಳಿ ಹೆಚ್ಚು ಬಂದ ಕಡೆ ಕಲೆ ದೊಡ್ಡದು. ಆಮೇಲೆ ಡ್ರಾಪ್ಸ್ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆ. ಎಡಗಡೆಯ ಕಲೆ ಸುಮಾರು ಎರಡರಷ್ಟಾಗಿತ್ತು. ಬಲಗಡೆಯದು ಎಷ್ಟಿತ್ತೋ ಅಷ್ಟೇ. ಎಡ–ಬಲ ಸರದಿಯಂತೆ ಕಟ್ಟಿ ಬಿಡುವುದು ಎಲ್ಲರ ಮೂಗಿನಲ್ಲೂ ಇರುತ್ತೆ, ಒಂದು ಸಲದ್ದು ನಂಬಬಾರದು ಅಂತ ಬೇರೆ ಬೇರೆ ಹೊತ್ತಿನಲ್ಲೂ ಮಾಡಿದೆ. ಅದೇ ಫಲಿತಾಂಶ. ಮನೆಯವಳು ‘ತಟ್ಟೆ ತೊಳೆದಿಡಿ’ ಅಂದಳು, ಅಷ್ಟೇ.

ಮೊದಲು ಹೋದ ಆಸ್ಪತ್ರೆಯಲ್ಲಿ ಈ ತಟ್ಟೆ ಕಥೆಗೆ ನಕ್ಕರು. ಎರಡೂ ಕಡೆ ರೇಡಿಯೋಫ್ರೀಕ್ವೆನ್ಸಿ ಮಾಡಿಬಿಡೋಣ ಅಂದರು. ಮರಗಟ್ಟುವ ಮದ್ದು ಕೊಟ್ಟು, ಸೂಜಿಯಂಥ ಕಡ್ಡಿಯನ್ನು ಟರ್ಬಿನೇಟ್ ಒಳಗೆ ಚುಚ್ಚಿ ಕಾಯಿಸುತ್ತಾರೆ. ಒಳಗಿನ ಮೆತ್ತನೆ ಭಾಗ ಆಮೇಲೆ ನಿಧಾನವಾಗಿ ಕುಗ್ಗಬೇಕು. ನೋವು ಏನೂ ಇಲ್ಲ, ಕೂತೇ ಮಾಡಿಸಿಕೊಂಡು ಸಂಜೆ ಮನೆಗೆ ಬಂದೆ. ಒಟ್ಟು 28 ಸಾವಿರದ ಹತ್ತಿರ. ಮೊದಲ ವಾರ ಮೂಗು ಇನ್ನೂ ಜಾಸ್ತಿ ಕಟ್ಟಿತ್ತು, ಅದು ಊತ, ಹೆದರಬೇಕಿಲ್ಲ. ತಿಂಗಳು ಕಳೆದ ಮೇಲೆ ಎಡಗಡೆ ಚೆನ್ನಾಗಿ ತೆರೆಯಿತು. ಬಲಗಡೆ ತೆರೆಯಲೇ ಇಲ್ಲ. ‘ಇನ್ನೊಂದು ಸಿಟ್ಟಿಂಗ್ ಮಾಡೋಣ, 15 ಸಾವಿರ’ ಅಂದರು. ನಾನು ಎದ್ದು ಬಂದೆ.

ಹಾಸನದಲ್ಲಿ ತೋರಿಸಿದ ಇನ್ನೊಬ್ಬ ಇಎನ್‌ಟಿ ಡಾಕ್ಟರ್ ನಗಲಿಲ್ಲ. ನಾನು ತಟ್ಟೆಯಲ್ಲಿ ಮಾಡಿದ್ದನ್ನೇ ಅವರು ಸ್ಕೋಪ್‌ನಲ್ಲಿ ಮಾಡಿದರು. ಒಮ್ಮೆ ಒಳಗೆ ನೋಡಿ, ಊತ ಇಳಿಸುವ ಮದ್ದಿನ ಹತ್ತಿ ಇಟ್ಟು, ಸ್ವಲ್ಪ ಹೊತ್ತು ಕಾದು ಮತ್ತೆ ನೋಡಿದರು. “ಬಲಗಡೆ ಕುಗ್ಗುತ್ತಲೇ ಇಲ್ಲ ನೋಡಿ, ಒಳಗೆ ಮೂಳೆಯೇ ದಪ್ಪ ಇರಬೇಕು” ಅಂದರು. ಸಿಟಿ ಸ್ಕ್ಯಾನ್‌ನಲ್ಲೂ ಅದೇ ಬಂತು. ನನ್ನ ಮೂಗಿನ ನಡುಗೋಡೆ ಎಡಕ್ಕೆ ಸ್ವಲ್ಪ ವಾಲಿದೆ. ಬಲಗಡೆ ಜಾಗ ಜಾಸ್ತಿ ಉಳಿದು, ಅದನ್ನು ತುಂಬಿಕೊಳ್ಳುವ ಹಾಗೆ ಆ ಕಡೆಯ ಟರ್ಬಿನೇಟ್ ಮೂಳೆ ಸಮೇತ ಬೆಳೆದಿದೆ. ಸ್ಪ್ರೇ ಆಗಲಿ ಸೂಜಿ ಆಗಲಿ ಮೆತ್ತನೆ ಭಾಗವನ್ನು ಕುಗ್ಗಿಸುತ್ತವೆ, ಮೂಳೆಯನ್ನಲ್ಲ. 28 ಸಾವಿರದಲ್ಲಿ ಅರ್ಧ ಎಲ್ಲಿ ಹೋಯಿತು ಅಂತ ಆಗ ಗೊತ್ತಾಯಿತು.

ಅವರು ಹೇಳಿದ್ದು ಬಲಗಡೆಗೆ ಮಾತ್ರ ಸಬ್‌ಮ್ಯೂಕೋಸಲ್ ಆಪರೇಷನ್. ಟರ್ಬಿನೇಟ್ ಮುಂಭಾಗದಲ್ಲಿ ಸಣ್ಣ ಗೀರು ಹಾಕಿ, ಮೇಲಿನ ಪದರ ಹಾಗೇ ಉಳಿಸಿಕೊಂಡು, ಒಳಗಿನ ಮೂಳೆಯ ಚೂರನ್ನೂ ಹೆಚ್ಚಿನ ಮಾಂಸವನ್ನೂ ಕತ್ತರಿಸುತ್ತಲೇ ಹೀರಿಕೊಳ್ಳುವ ಮೈಕ್ರೋಡಿಬ್ರೈಡರ್‌ನಲ್ಲಿ ತೆಗೆಯುವುದು. ಉಳಿದದ್ದನ್ನು ಹೊರಗೋಡೆಯ ಕಡೆ ಒತ್ತಿಬಿಡುವುದು. ‘ಮತ್ತೆ ಬೆಳೆಯಲ್ವಾ ಸಾರ್?’ ಅಂದೆ. ಇಟಲಿಯಲ್ಲಿ 382 ಜನರನ್ನು ಆರು ವಿಧಾನಗಳಿಗೆ ಹಂಚಿ ಆರು ವರ್ಷ ನೋಡಿ, 2003ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದರು. ಕೊನೆಯವರೆಗೂ ಚೆನ್ನಾಗಿ ನಿಂತದ್ದು ಇದೇ, ಒಳಗಿಂದ ತೆಗೆದು ಹೊರಕ್ಕೆ ಒತ್ತುವ ವಿಧಾನ. ಲೇಸರ್ ಅದರಲ್ಲಿ ಹಿಂದೆ ಬಿದ್ದಿತ್ತು. ರೇಡಿಯೋಫ್ರೀಕ್ವೆನ್ಸಿ ಆ ಪಟ್ಟಿಯಲ್ಲಿ ಇರಲಿಲ್ಲ ಅಂತಲೂ ಅವರೇ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

‘ಪೂರ್ತಿ ಕತ್ತರಿಸಿ ಬಿಸಾಡಿ ಸಾರ್, ಪೀಡೆ ಹೋಗಲಿ’ ಅಂತಲೂ ಕೇಳಿದೆ. ಅವರು ಗಂಭೀರವಾದರು. ಗಾಳಿಯನ್ನು ಒದ್ದೆ ಮಾಡಿ, ಬೆಚ್ಚಗೆ ಮಾಡಿ ಒಳಗೆ ಕಳಿಸುವುದೇ ಆ ಪದರದ ಕೆಲಸ. ಅತಿಯಾಗಿ ತೆಗೆದರೆ ಮೂಗು ಒಣಗಿ ಹಕ್ಕಳೆ ಕಟ್ಟುತ್ತೆ. ಕೆಲವರಿಗೆ ದಾರಿ ಬಾಯಿ ಬಿಟ್ಟಿದ್ದರೂ ಉಸಿರೇ ಹೋಗುತ್ತಿಲ್ಲ ಅನ್ನಿಸುತ್ತೆ, ಅದನ್ನು ಸರಿ ಮಾಡುವುದು ಬಹಳ ಕಷ್ಟ. ಹಾಗಾಗಿ ನೀವು ಎಲ್ಲೇ ಹೋದರೂ ಮೇಲಿನ ಪದರ ಉಳಿಸುತ್ತೀರಾ ಅಂತ ಮೊದಲು ಕೇಳಿ.

ಪೂರ್ತಿ ಅರಿವಳಿಕೆ, ಒಂದು ರಾತ್ರಿ ಆಸ್ಪತ್ರೆ, ಸುಮಾರು 65 ಸಾವಿರ. ಇನ್ಶೂರೆನ್ಸ್‌ನವರು ಈ ಥರದ ಆಪರೇಷನ್‌ಗೆ ಪಾಲಿಸಿ ಮಾಡಿಸಿ ಎರಡು ವರ್ಷ ಆಗಿರಬೇಕು ಅಂದರು. ನನ್ನದು ಆಗಿತ್ತು, ಹಾಗಾಗಿ ಮುಕ್ಕಾಲು ಭಾಗ ವಾಪಸ್ ಬಂತು.

ಆಮೇಲಿನ ಮೂರು ವಾರವೇ ಬೇಸರದ್ದು. ಹಕ್ಕಳೆ ಕಟ್ಟುತ್ತೆ, ಕೀಳುವ ಆಸೆ ಆಗುತ್ತೆ, ಕೀಳಬಾರದು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ತೊಳೆದೆ. ನಲ್ಲಿ ನೀರನ್ನು ಹಾಗೇ ಬಳಸಲೇಬಾರದು. ಎರಡು ವಾರ ಮೂಗು ಸೀಟಲಿಲ್ಲ, ಮೂಟೆ ಮುಟ್ಟಲಿಲ್ಲ. ಗುಲಾಬಿ ಬಣ್ಣದ ನೀರು ಒಸರಿದರೆ ಪರವಾಗಿಲ್ಲ, ಕೆಂಪು ರಕ್ತ ನಿಲ್ಲದೆ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ ಅಂದಿದ್ದರು. ನನಗೆ ಹಾಗಾಗಲಿಲ್ಲ. ಒಂದೂವರೆ ತಿಂಗಳಿಗೆ ತಟ್ಟೆಯಲ್ಲಿ ಎರಡು ಕಲೆಯೂ ಹೆಚ್ಚು ಕಡಿಮೆ ಸಮ.

ಆಪರೇಷನ್‌ನಿಂದ ಅಲರ್ಜಿ ಹೋಗುವುದಿಲ್ಲ. ಆ ವರ್ಷ ಖುಷಿಯಲ್ಲಿ ಸ್ಪ್ರೇ ಬಿಟ್ಟು ನೋಡಿದೆ. ಡಿಸೆಂಬರ್‌ನಲ್ಲಿ ಹಲ್ಲಿಂಗ್ ಶುರುವಾದ ಕೂಡಲೇ ಸೀನು, ನೀರು ಎಲ್ಲ ಹಾಜರ್. ಮೂಗು ಮಾತ್ರ ಮೊದಲಿನ ಹಾಗೆ ಕಟ್ಟಲಿಲ್ಲ. ಮತ್ತೆ ಸ್ಪ್ರೇ ಹಿಡಿದಾಗ ತಮಾಷೆ ನೋಡಿ, ಅದೇ ಸ್ಪ್ರೇ ಬಲಗಡೆಗೂ ಚೆನ್ನಾಗಿ ಹಿಡಿಯಿತು. ಮೊದಲು ಅದಕ್ಕೆ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಈಗ ಡಾಕ್ಟರ್ ಹೇಳಿದ ಹಾಗೆ ಹಲ್ಲಿಂಗ್ ಸೀಸನ್‌ಗೂ ಮಳೆಗಾಲಕ್ಕೂ ಒಂದೊಂದು ಹೊಳ್ಳೆಗೆ ಒಂದೇ ಸಲ ಹೊಡೆಯುತ್ತೇನೆ. ಒಂದು ಬಾಟಲಿ ಎರಡು ತಿಂಗಳು ಬರುತ್ತೆ.