ಅವರೆಕಾಳು ಹಿದುಕುವ ಹೆಬ್ಬೆರಳು: ನನ್ನ ಅನುಭವ

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕೈಗೆ ಸ್ಪ್ಲಿಂಟ್, ಅಂದರೆ ಕೀಲು ಅಲ್ಲಾಡದಂತೆ ಹಿಡಿದಿಡುವ ಪಟ್ಟಿ, ಮಾಡುವುದೇ ನನ್ನ ಮುಖ್ಯ ಕೆಲಸ. ಹೆಬ್ಬೆರಳ ಬುಡದ ಕೀಲು ಸವೆದ ಹೆಂಗಸರು ವರ್ಷವಿಡೀ ಬರುತ್ತಾರೆ. ಅವರೆಕಾಯಿ ಕಾಲದಲ್ಲಿ ಇನ್ನೂ ಜಾಸ್ತಿ. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಹಿದುಕುತ್ತಾ ಕೂತರೆ ಗಂಟೆಗಟ್ಟಲೆ ಅದೇ ಕೆಲಸ. ತುದಿಯಲ್ಲಿ ಒಂದು ಕೆಜಿಯಷ್ಟು ಒತ್ತಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕೆಜಿ ಭಾರ ಬೀಳುತ್ತದೆ. ಮುಟ್ಟು ನಿಂತ ಮೇಲೆ ಈ ಕೀಲಿನ ಸವೆತ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ತುಮಕೂರು ಕಡೆಯ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯೂ ಇತ್ತು. ಬಲಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಗಟ್ಟಿಯಾದ ಗಂಟು. "ಇಕ್ಕಳದಲ್ಲಿ ಪಾತ್ರೆ ಎತ್ತೋಕೇ ಆಗಲ್ಲ ಮೇಡಂ, ಕೈ ಜಾರುತ್ತೆ" ಅಂದರು. ಹೆಬ್ಬೆರಳನ್ನು ಬುಡದ ಕಡೆ ಮೆಲ್ಲಗೆ ಒತ್ತಿ ತಿರುಗಿಸಿದಾಗ ಕರಕರ ಎನ್ನಿಸಿತು, ಅವರ ನೋವು ಅಲ್ಲೇ ಎದ್ದಿತು. ಇದೇ ಜಾಗದ ಹತ್ತಿರ ಸ್ನಾಯುವಿನ ಹುರಿ ಊದಿಕೊಂಡರೂ ನೋಯುತ್ತದೆ. ಆದರೆ ಆ ನೋವು ಇನ್ನೂ ಸ್ವಲ್ಪ ಮೇಲೆ, ಮಣಿಕಟ್ಟಿನ ಮೂಳೆಯ ಪಕ್ಕದಲ್ಲಿ ಇರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ, ಹಾಗಾಗಿ ಇದನ್ನು ಮೊದಲೇ ಬೇರ್ಪಡಿಸಿ ನೋಡುತ್ತೇನೆ.

ಅವರು ಮೆಡಿಕಲ್ ಅಂಗಡಿಯಿಂದ ಒಂದು ಬೆಲ್ಟ್ ತಂದು ಹಾಕಿಕೊಳ್ಳುತ್ತಿದ್ದರು. ಅದು ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿತ್ತು, ಹೆಬ್ಬೆರಳ ಬುಡ ಮಾತ್ರ ಅಲ್ಲಾಡುತ್ತಲೇ ಇತ್ತು. ಬೇಕಾದದ್ದು ಇದರ ತಿರುವುಮುರುವು. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಒರೆಸಿ, ಬಿಸಿ ಸ್ವಲ್ಪ ಆರಿದ ಮೇಲೆ ಕೈಗೆ ಅಚ್ಚು ಹಾಕಿದೆ. ಲೋಟ ಹಿಡಿದ ಹಾಗೆ ಹೆಬ್ಬೆರಳು ಅಗಲವಾಗಿ ನಿಲ್ಲಬೇಕು. ಮಣಿಕಟ್ಟು ಮತ್ತು ಹೆಬ್ಬೆರಳ ತುದಿ ಗಿಣ್ಣು ಎರಡನ್ನೂ ಬಿಟ್ಟೆ. ಇಲ್ಲದಿದ್ದರೆ ಅಡುಗೆಮನೆಯಲ್ಲಿ ಯಾರೂ ಹಾಕಿಕೊಳ್ಳುವುದಿಲ್ಲ, ಪೆಟ್ಟಿಗೆ ಸೇರುತ್ತದೆ. ತೆಗೆದು ಅರ್ಧ ಗಂಟೆಯಾದರೂ ಚರ್ಮದ ಮೇಲೆ ಕೆಂಪು ಉಳಿದರೆ ಅಥವಾ ಬೆರಳು ಜುಮ್ಮೆಂದರೆ ಬಿಗಿ ಜಾಸ್ತಿ ಅಂತ ಅರ್ಥ, ವಾಪಸ್ ಬನ್ನಿ ಎಂದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ರಾತ್ರಿ ಮತ್ತು ನೋವು ಬರಿಸುವ ಕೆಲಸದ ಹೊತ್ತಲ್ಲಿ ಹಾಕಬೇಕು, ಇಡೀ ದಿನ ಬೇಡ. ಬೇಗ ಗುಣ ಕಾಣದಿದ್ದರೂ ಬಿಡಬಾರದು. ಫ್ರಾನ್ಸಿನ 2009ರ ಒಂದು ಅಧ್ಯಯನದಲ್ಲಿ ರಾತ್ರಿ ಸ್ಪ್ಲಿಂಟ್ ಹಾಕಿದವರಿಗೂ ಹಾಕದವರಿಗೂ ಒಂದು ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ವರ್ಷದ ಹೊತ್ತಿಗೆ ಹಾಕಿದವರ ನೋವು ಕಡಿಮೆಯಾಗಿತ್ತು.

ವ್ಯಾಯಾಮದ ವಿಷಯದಲ್ಲಿ ನನಗೆ ಬೇಸರವಾಗುವುದು ಸ್ಪಂಜಿನ ಚೆಂಡು. ಕೈನೋವು ಅಂದ ತಕ್ಷಣ ಯಾರೋ ಒಂದು ಚೆಂಡು ಕೊಟ್ಟು ಹಿಸುಕಿ ಎನ್ನುತ್ತಾರೆ. ಗಟ್ಟಿಯಾಗಿ ಹಿಸುಕಿದರೆ ಹೆಬ್ಬೆರಳು ಅಂಗೈಯೊಳಕ್ಕೆ ಎಳೆಯುತ್ತದೆ, ಬುಡ ಹೊರಕ್ಕೆ ಜರುಗುತ್ತದೆ. ಈ ಅಮ್ಮನ ಚೆಂಡನ್ನು ಮೊದಲ ದಿನವೇ ನಿಲ್ಲಿಸಿದೆ. ಬದಲಿಗೆ ಕಿರುಬೆರಳ ಪಕ್ಕ ಮೇಜಿಗೆ ತಾಗುವಂತೆ ಕೈ ಇಟ್ಟು, ತೋರುಬೆರಳನ್ನು ಹೆಬ್ಬೆರಳ ಕಡೆಗೆ ತಳ್ಳಬೇಕು. ಇನ್ನೊಂದು ಕೈಯ ಬೆರಳು ಅದನ್ನು ತಡೆಯಬೇಕು. ಐದು ಸೆಕೆಂಡ್ ಹಿಡಿದು ಬಿಡುವುದು, ಹತ್ತು ಸಲ. ಆ ಎರಡು ಬೆರಳ ನಡುವಿನ ಸ್ನಾಯು ಗಟ್ಟಿಯಾದರೆ ಬುಡವನ್ನು ಜಾಗದಲ್ಲಿ ಹಿಡಿದಿಡಲು ನೆರವಾಗುತ್ತದೆ. ಅದಕ್ಕೂ ಮುಂಚೆ ಆ ಸಂದಿನ ಬಿಗಿಯಾದ ಮಾಂಸವನ್ನು ಮೆತ್ತಗೆ ನೀವಬೇಕು. ಮಾರನೆಯ ದಿನ ನೋವು ಹೆಚ್ಚಿದ್ದರೆ ಒತ್ತಡ ಕಮ್ಮಿ ಮಾಡಬೇಕು.

ಮನೆಯಲ್ಲಿ ಇಕ್ಕಳ ಬಿಟ್ಟು ಎರಡೂ ಕೈಯಲ್ಲಿ ದಪ್ಪ ಬಟ್ಟೆ ಹಿಡಿದು ಪಾತ್ರೆ ಇಳಿಸತೊಡಗಿದರು. ಅವರೆಕಾಳು ಸೊಸೆಯ ಪಾಲಿಗೆ ಹೋಯಿತು.

ಎರಡು ತಿಂಗಳಲ್ಲಿ ಹಗಲಿನ ನೋವು ಇಳಿಯಿತು, ರಾತ್ರಿಯದು ಉಳಿಯಿತು. ಆಗ ಮೂಳೆ ಡಾಕ್ಟರ ಬಳಿ ಕಳಿಸಿದೆ. ಅವರು ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೊದಲ ಎರಡು ದಿನ ನೋವು ಹೆಚ್ಚಿತು, ಸಕ್ಕರೆ ಕೆಲವು ದಿನ ಏರಿತು. ಇವೆರಡನ್ನೂ ಮೊದಲೇ ಹೇಳಿದ್ದರಿಂದ ಅಮ್ಮ ಗಾಬರಿಯಾಗಲಿಲ್ಲ. ಆಮೇಲೆ ಚೆನ್ನಾಗಿ ನಿದ್ದೆ ಬಂತು. ಸುಮಾರು ಮೂರು ತಿಂಗಳಲ್ಲಿ ನೋವು ಸ್ವಲ್ಪ ತಿರುಗಿ ಬಂತು. "ಇನ್ನೊಂದು ಹಾಕಿಸ್ಲಾ?" ಎಂದು ಕೇಳಿದರು. ಬೇಡ ಅನ್ನುವುದೇ ನನ್ನ ಅಭಿಪ್ರಾಯವಾಗಿತ್ತು, ಡಾಕ್ಟರೂ ಹಾಗೇ ಹೇಳಿದರು. ಇದೇ ಕೀಲಿಗೆ ಸ್ಟೀರಾಯ್ಡ್ ಮತ್ತು ಬರೀ ಸಲೈನ್ ಕೊಟ್ಟು ಹೋಲಿಸಿದ 2004ರ ಒಂದು ಸಣ್ಣ ಅಧ್ಯಯನದಲ್ಲಿ, ಆರು ತಿಂಗಳ ಹೊತ್ತಿಗೆ ಎರಡರ ನಡುವೆ ವ್ಯತ್ಯಾಸ ಸಿಗಲಿಲ್ಲ. ಪದೇ ಪದೇ ಹಾಕಿಸಿದರೆ ಅಲ್ಲಿನ ಚರ್ಮ ತೆಳುವಾಗಿ ಬಿಳಿಚಿಕೊಳ್ಳಲೂಬಹುದು.

ಈಗ ಅವರು ರಾತ್ರಿ ಸ್ಪ್ಲಿಂಟ್ ಹಾಕುತ್ತಾರೆ, ವ್ಯಾಯಾಮ ಬಿಟ್ಟಿಲ್ಲ, ಇನ್ನೊಂದು ಇಂಜೆಕ್ಷನ್ ಬೇಕಾಗಿಲ್ಲ. ಗಂಟು ಹಾಗೇ ಇದೆ. ಅದು ಮೂಳೆಯದ್ದು, ಕರಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ನಿದ್ದೆ ಕೆಡುವಷ್ಟು ನೋವಿದ್ದರೆ ಬುಡದ ಸಣ್ಣ ಮೂಳೆ ತೆಗೆಯುವ ಆಪರೇಷನ್ ಇದೆ. ಅದರ ನಂತರ ಕೈಗೆ ಬಲ ಬರಲು ತಿಂಗಳುಗಳೇ ಬೇಕು.