ದೇವರಾಯನದುರ್ಗದ ಎಂಟು ಫೋಟೋಗಳಿಗೆ ಸಾಲು ಬರೆದದ್ದು

ಕಳೆದ ಮಳೆಗಾಲದ ಒಂದು ಶನಿವಾರ ನಾವು ಐದು ಜನ ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿದ್ದೆವು. ವಾಪಸ್ ಬಂದಾಗ ಐದು ಫೋನಿನಲ್ಲೂ ಸೇರಿ ನೂರಾರು ಫೋಟೋ. ಎಂಟನ್ನು ಆರಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆರಿಸಲು ಅರ್ಧ ಗಂಟೆ ಸಾಕಾಯಿತು, ಸಾಲು ಬರೆಯಲು ಎರಡು ಸಂಜೆ ಹಿಡಿಯಿತು.

ಮೊದಲು ಬರೆದದ್ದು ಹೀಗಿತ್ತು: "ಮಳೆ, ಮಂಜು, ಗೆಳೆಯರು, ಇನ್ನೇನು ಬೇಕು!" ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು, "ಇದನ್ನ ಮುಳ್ಳಯ್ಯನಗಿರಿ ಫೋಟೋಗೂ ಹಾಕಬಹುದು ಅಲ್ವಾ?" ಹೌದು, ಹಾಕಬಹುದು. ಅವತ್ತಿನಿಂದ ಇದೇ ನನ್ನ ಪರೀಕ್ಷೆ. ಬೇರೆ ಬೆಟ್ಟದ ಫೋಟೋ ಕೆಳಗೂ ಕೂರುವ ಸಾಲಾದರೆ ಅಳಿಸಿಬಿಡುತ್ತೇನೆ.

ಹಲವು ಫೋಟೋಗಳನ್ನು ಒಂದೇ ಪೋಸ್ಟ್ ಆಗಿ ಹಾಕುವ ಕ್ಯಾರೊಸೆಲ್‌ನಲ್ಲಿ ಎಷ್ಟು ಫೋಟೋ ಇದ್ದರೂ ಕೆಳಗಿನ ಬರಹ ಒಂದೇ. ಫೋಟೋಗೊಂದು ಸಾಲು ಬೇಕೆಂದರೆ ಫೋಟೋ ಮೇಲೇ ಬರೆಯಬೇಕು, ಇಲ್ಲವೇ ಕೆಳಗೆ 1, 2, 3 ಎಂದು ಸಂಖ್ಯೆ ಹಾಕಿ ಬರೆಯಬೇಕು. ನಾನು ಸಂಖ್ಯೆ ಹಾಕಿ ನೋಡಿದೆ. ಐದನೇ ಫೋಟೋ ನೋಡುತ್ತಿರುವವರು ಕೆಳಗೆ ಹೋಗಿ ಐದನೇ ಸಾಲು ಹುಡುಕುವುದಿಲ್ಲ, ಸುಮ್ನೆ ಮುಂದಕ್ಕೆ ಸರಿಸುತ್ತಾರೆ. ಅದಕ್ಕೇ ಚಿಕ್ಕ ಸಾಲುಗಳನ್ನು ಫೋಟೋ ಮೇಲೆ ಇಟ್ಟು, ದಾರಿ, ಊಟ, ಹೋದ ಹೊತ್ತು ಇವನ್ನೆಲ್ಲ ಕೆಳಗೆ ಬರೆದೆ. ಕೆಳಗಿನದರಲ್ಲೂ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು `more` ಒತ್ತಿದ ಮೇಲೆ. ಹಾಗಾಗಿ ಊರಿನ ಹೆಸರು ಮೊದಲ ಸಾಲಿನಲ್ಲೇ ಬರಲಿ.

ಸಾಲಿನಲ್ಲಿ ಏನು ಬರೆಯಬೇಕು ಅನ್ನುವುದೇ ನನಗೆ ಜಾಸ್ತಿ ಹೊತ್ತು ತೆಗೆದುಕೊಂಡದ್ದು. ಮಂಜು ಫೋಟೋದಲ್ಲೇ ಕಾಣುತ್ತಿರುವಾಗ "ಎಲ್ಲೆಲ್ಲೂ ಮಂಜು" ಎಂದು ಮತ್ತೆ ಹೇಳಬೇಕಿಲ್ಲ. ಕ್ಯಾಮೆರಾ ಹಿಡಿಯಲಾಗದ್ದನ್ನು ಹೇಳಬೇಕು: ವಾಸನೆ, ಸದ್ದು, ಚಳಿ, ಆ ಫೋಟೋಗೆ ಒಂದು ನಿಮಿಷ ಮುಂಚೆ ಆದದ್ದು. ನಾಮದ ಚಿಲುಮೆಯ ಫೋಟೋಗೆ ಮೊದಲು ರಾಮ ಬಾಣ ಬಿಟ್ಟು ನೀರು ಬರಿಸಿದ ಕತೆಯನ್ನು ಬರೆದಿದ್ದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿತ್ತಂತೆ, ಹೆಸರು ಬಂದದ್ದೂ ಅದರಿಂದಲೇ. ಕತೆ ಚೆನ್ನಾಗಿದೆ, ಆದರೆ ಫೋಟೋ ಮೇಲೆ ಆರು ಸಾಲಾಗಿ ಬಂಡೆಯೇ ಮುಚ್ಚಿಹೋಯಿತು. ಕತೆಯನ್ನು ಕೆಳಗಿಳಿಸಿ, ಫೋಟೋ ಮೇಲೆ ನನ್ನ ಕೈಗೆ ತಿಳಿದದ್ದನ್ನು ಇಟ್ಟೆ: "ಮೇಲಿಂದ ಬೀಳುವ ಮಳೆಗಿಂತ ಚಿಲುಮೆ ನೀರೇ ಬೆಚ್ಚಗಿತ್ತು."

ಹೀಗೇ ಒಂದೊಂದಾಗಿ ಉಳಿದವೂ ಬಂದವು. ಭೋಗ ನರಸಿಂಹನ ಗುಡಿ ಬಾಗಿಲಲ್ಲಿ ಐದು ಜೋಡಿ ಚಪ್ಪಲಿ: "ಒಳಗೆ ಹೋಗುವಾಗ ಒಣಗಿದ್ದವು." ಬೆಟ್ಟದ ಮೇಲಿನ ಯೋಗ ನರಸಿಂಹನ ಕಡೆ ಮೆಟ್ಟಿಲು ಹತ್ತುತ್ತಿರುವ ಬೆನ್ನುಗಳು: "ಮುಂದಿದ್ದವನು ಮಂಜಿನಲ್ಲಿ ಮಾಯ. ಕೆಮ್ಮು ಕೇಳಿಸುತ್ತಿತ್ತು, ಅದೇ ದಾರಿ." ಮೆಟ್ಟಿಲ ಮೇಲೆ ಕೂತ ಕೋತಿ: "ಕಡಲೆಕಾಯಿ ಪೊಟ್ಟಣ ಇವನ ಹತ್ತಿರವೇ ಇದೆ." ಕಣಿವೆ ಪೂರ್ತಿ ಬೆಳ್ಳಗಾದ ಆರನೇ ಫೋಟೋಗೆ ಏನೂ ಬರೆಯಲಿಲ್ಲ. ಅಲ್ಲಿ ನಾವು ಐದೂ ಜನ ಮಾತು ನಿಲ್ಲಿಸಿದ್ದೆವು, ಫೋಟೋವೂ ಹಾಗೇ ಇರಲಿ ಅನ್ನಿಸಿತು.

ಕನ್ನಡದಲ್ಲಿ ಬರೆಯುವವರು ಒತ್ತಕ್ಷರ ನೋಡಿಕೊಳ್ಳಬೇಕು. ಒತ್ತು ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಮುಂದಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. "ಕ್ಯಾತ್ಸಂದ್ರ" ಎಂದು ಬರೆದು ನೋಡಿ, ಗೊತ್ತಾಗುತ್ತದೆ. ಸಾಲಿನ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬಿಟ್ಟೆ, ಒಂದು ಫೋಟೋಗೆ ಎರಡು ಸಾಲು ದಾಟಲಿಲ್ಲ. ಮಂಜಿನ ಮೇಲೆ ಬಿಳಿ ಅಕ್ಷರ ಕಾಣುವುದೇ ಇಲ್ಲ, ಅಲ್ಲಿ ಕಡು ಹಸಿರು ಬಳಸಿದೆ. ಬಲಗಡೆ ಮೇಲಿನ ಮೂಲೆ ಖಾಲಿ ಬಿಟ್ಟೆ, ಎಷ್ಟನೇ ಫೋಟೋ ಅನ್ನುವ ಅಂಕಿ ಅಲ್ಲೇ ಬಂದು ಕೂರುತ್ತದೆ.

ಇಷ್ಟಾದರೂ ತಪ್ಪಾಯಿತು. ಮೊದಲ ಫೋಟೋದಲ್ಲೇ "ದೇವರಾಯದುರ್ಗ" ಎಂದು ಬರೆದು "ನ" ಬಿಟ್ಟಿದ್ದೆ. ಕೆಳಗಿನ ಬರಹವನ್ನು ಆಮೇಲೂ ತಿದ್ದಬಹುದು, ಆದರೆ ಫೋಟೋಗೆ ಸೇರಿಹೋದ ಅಕ್ಷರವನ್ನು ತಿದ್ದಲು ಆಗುವುದಿಲ್ಲ. ಅಷ್ಟು ಹೊತ್ತಿಗೆ ಬಂದಿದ್ದ ಕಾಮೆಂಟುಗಳ ಸಮೇತ ಪೋಸ್ಟ್ ಅಳಿಸಿ ಮತ್ತೆ ಹಾಕಿದೆ. ಈಗ ಅಕ್ಷರ ಹಾಕಿದ ಫೋಟೋಗಳನ್ನು ಮೊದಲು ನಮ್ಮ ಐದು ಜನರ ವಾಟ್ಸಾಪ್ ಗುಂಪಿಗೆ ಕಳಿಸುತ್ತೇನೆ. ಕಾಗುಣಿತವೂ ಸಿಗುತ್ತದೆ, ತನ್ನ ಮುಖ ಬೇಡ ಅನ್ನುವವರೂ ಆಗಲೇ ಹೇಳುತ್ತಾರೆ.

ಎಂಟನೆಯದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಅದಕ್ಕೆ ಸಾಲು ಕೊಟ್ಟದ್ದು ಕೋತಿಗೆ ಪೊಟ್ಟಣ ಕಳೆದುಕೊಂಡ ಗೆಳೆಯ: "ಬಟ್ಟೆ ಒದ್ದೆ, ಬೆರಳು ಮರಗಟ್ಟಿದೆ, ಇಡ್ಲಿಯಿಂದ ಮಾತ್ರ ಹೊಗೆ."